ಸ್ಕ್ರೂ ತಿರುಗಿಸಿದರೂ ಮುಳ್ಳು ಏಳದಿದ್ದಾಗ

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೈಡ್ರಾಲಿಕ್ ರಿಪೇರಿ ಮಾಡುತ್ತ ನನಗೆ ಹತ್ತೊಂಬತ್ತು ವರ್ಷ. ಊರು ಜಮಖಂಡಿ ಕಡೆ. ನನ್ನ ಜೊತೆ ಕೆಲಸ ಕಲಿಯುವ ಹುಡುಗನೂ ಆ ಕಡೆಯವನೇ, ನನಗೆ ಕಾಕಾ ಅನ್ನುತ್ತಾನೆ. ಹೋದ ವರ್ಷ ಒಂದು ಬುಧವಾರ ಸಂಜೆ ಒಂದು ಚಿಕ್ಕ ವರ್ಕ್‌ಶಾಪಿನಿಂದ ಫೋನ್ ಬಂತು. 50 ಟನ್ ಪ್ರೆಸ್ಸಿನ ಹೋಸ್ ಹರಿದು ಎಣ್ಣೆ ಗೋಡೆಗೆಲ್ಲ ಹಾರಿದೆ, ಬನ್ನಿ ಅಂತ. ಪುಣ್ಯಕ್ಕೆ ಆಪರೇಟರ್ ಹೋಸ್ ಇಲ್ಲದ ಬದಿಯಲ್ಲಿ ನಿಂತಿದ್ದ.

ಹೋಸ್ ಹಳೆಯದು, ನಿಜ. ಆದರೆ ಗೇಜ್ ನೋಡಿದ ಕೂಡಲೇ ನನ್ನ ಅನುಮಾನ ಬೇರೆ ಕಡೆ ಹೋಯಿತು. 250 ಬಾರ್ ಗೇಜಿನ ಮುಳ್ಳು ಕೊನೆಯ ಗೂಟಕ್ಕೆ ಬಡಿದು ಬಾಗಿತ್ತು. ಈ ಪ್ರೆಸ್ಸಿಗೆ ಕೆಲಸದ ಒತ್ತಡ 160 ಬಾರ್. ಸಿಲಿಂಡರ್ ಒಳವ್ಯಾಸ 200 ಮಿ.ಮೀ., ಅಂದರೆ 314 ಚದರ ಸೆಂ.ಮೀ.; ಲೆಕ್ಕ ಹಾಕಿದರೆ ಸುಮಾರು 51 ಟನ್. ಯಂತ್ರದ ಪ್ಲೇಟಿನ ಮೇಲೆ ಗರಿಷ್ಠ 180 ಬಾರ್ ಎಂದು ಕೊರೆದಿದೆ, ಗೇರ್ ಪಂಪಿನ ಮಿತಿ 210. ಕೈ ಲಿವರಿನ ಹಳೇ ಪ್ರೆಸ್, ಪ್ರೆಶರ್ ಸ್ವಿಚ್ ಇಲ್ಲ. ಲಿವರ್ ಒತ್ತಿ ಹಿಡಿದರೆ ಒತ್ತಡವನ್ನು ತಡೆಯಲು ರಿಲೀಫ್ ವಾಲ್ವ್ ಒಂದೇ ಗತಿ. ಮುಳ್ಳು ಗೂಟದವರೆಗೆ ಹೋಗಿದೆ ಅಂದರೆ ಆ ವಾಲ್ವೇ ಬಾಯಿ ತೆರೆದಿಲ್ಲ.

ಆಪರೇಟರನ್ನು ಕೇಳಿದೆ. ಮೊದಲು ಹೇಳಲು ಹಿಂಜರಿದ. ಚಹಾ ಕುಡಿದ ಮೇಲೆ ಬಾಯಿಬಿಟ್ಟ. ಮಧ್ಯಾಹ್ನ ಪ್ರೆಸ್ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡಿತ್ತಂತೆ. ರ‍್ಯಾಮ್ ಕೆಳಗೆ ಇಳಿಯುತ್ತದೆ, ಆದರೆ ಕೆಲಸ ಒತ್ತುವುದಿಲ್ಲ. ಗೇಜ್ 15 ಬಾರ್ ಮೇಲೆ ಏರುವುದಿಲ್ಲ. ಯಾರೋ ಅಲನ್ ಕೀ ತಂದು ರಿಲೀಫ್ ವಾಲ್ವಿನ ಸ್ಕ್ರೂ ಒಂದು ಸುತ್ತು ಬಿಗಿ ಮಾಡಿದರು. ಏನೂ ಆಗಲಿಲ್ಲ. ಇನ್ನೆರಡು ಸುತ್ತು. ಆಗಲೂ ಇಲ್ಲ. ಕೊನೆಗೆ ಸ್ಕ್ರೂ ನಿಲ್ಲುವವರೆಗೆ ತಿರುಗಿಸಿ ಹಾಗೆಯೇ ಬಿಟ್ಟರು. ಅರ್ಧ ಗಂಟೆ ಸುಮ್ಮನೆ ಮೇಲೆ ಕೆಳಗೆ ಓಡಿಸಿದರಂತೆ. ಆಮೇಲೆ ಒಂದು ಸಲ ಲಿವರ್ ಒತ್ತಿದಾಗ ಢಂ.

ಈ ಕಥೆಯ ತಿರುಳು ಇರುವುದು ವಾಲ್ವಿನ ಹೊಟ್ಟೆಯಲ್ಲಿ. ಇದು ಪೈಲಟ್ ಬಗೆಯ ವಾಲ್ವ್. ಒಳಗೆ ಎಣ್ಣೆಯ ದಾರಿ ಮುಚ್ಚುವ ಒಂದು ದೊಡ್ಡ ಬಿರಡೆ, ಅದೇ ಮುಖ್ಯ ಪಾಪೆಟ್, ಅದರ ನಡುವೆ ಸೂಜಿಯಷ್ಟು ಸಣ್ಣ ತೂತು, ಸುಮಾರು ಒಂದು ಮಿ.ಮೀ. ಆ ತೂತಿನ ಮೂಲಕ ಎಣ್ಣೆ ಪಾಪೆಟ್ಟಿನ ಹಿಂದೆ ತುಂಬಿಕೊಂಡು ಅದನ್ನು ಮುಚ್ಚಿ ಹಿಡಿಯುತ್ತದೆ. ನಾವು ತಿರುಗಿಸುವ ಸ್ಕ್ರೂ ಒತ್ತುವುದು, ಹಿಂದಿನ ಆ ಎಣ್ಣೆಯನ್ನು ಎಷ್ಟು ಒತ್ತಡಕ್ಕೆ ಹೊರಬಿಡಬೇಕೆಂದು ನಿರ್ಧರಿಸುವ ಚಿಕ್ಕ ಪೈಲಟ್ ಸ್ಪ್ರಿಂಗನ್ನು ಮಾತ್ರ. ತೂತು ಕಟ್ಟಿಕೊಂಡರೆ ಹಿಂದೆ ಎಣ್ಣೆ ಹೋಗುವುದಿಲ್ಲ, ಪಾಪೆಟ್ ಹತ್ತು ಹದಿನೈದು ಬಾರ್ ಒತ್ತಡಕ್ಕೇ ತೆರೆದು ಎಣ್ಣೆಯನ್ನೆಲ್ಲ ಟ್ಯಾಂಕಿಗೆ ಬಿಡುತ್ತದೆ. ಆಗ ಸ್ಕ್ರೂ ಎಷ್ಟು ತಿರುಗಿಸಿದರೂ ಮುಳ್ಳು ಅಲುಗುವುದಿಲ್ಲ. ಕಸ ತಾನಾಗಿ ಜಾರಿದ ಕ್ಷಣ, ಕೊನೆವರೆಗೆ ಬಿಗಿದ ಸ್ಪ್ರಿಂಗಿನ ಒತ್ತಡ ಒಂದೇ ಸಲಕ್ಕೆ ಬರುತ್ತದೆ. ಈ ವಾಲ್ವಿನ ವ್ಯಾಪ್ತಿ 315 ಬಾರ್‌ವರೆಗೆ. ಹೋಸ್ ಹೋಗದಿದ್ದರೆ ಪಂಪು ಹೋಗುತ್ತಿತ್ತು.

ಅರ್ಧ ಸುತ್ತು ತಿರುಗಿಸಿದ ಮೇಲೂ ಗೇಜ್ ಏರದಿದ್ದರೆ ನಾನು ಕೈ ತೆಗೆದುಬಿಡುತ್ತೇನೆ, ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೇ ತರುತ್ತೇನೆ.

ಮಾರನೇ ದಿನ ಗುರುವಾರ, ನಮ್ಮಲ್ಲಿ ವಾರದ ರಜೆ. ಬಿಚ್ಚುವ ಕೆಲಸಕ್ಕೆ ಅದೇ ಒಳ್ಳೆಯ ದಿನ. ಮೇನ್ ಸ್ವಿಚ್ ತೆಗೆದು, ರ‍್ಯಾಮ್ ಕೆಳಗಿಳಿಸಿ, ಲಿವರ್ ಎರಡೂ ಕಡೆ ಆಡಿಸಿ ಉಳಿದ ಒತ್ತಡ ಬಿಟ್ಟ ಮೇಲೆ ವಾಲ್ವ್ ಹೊರತೆಗೆದೆವು. ಪಾಪೆಟ್ಟಿನ ತೂತಿನ ಬಾಯಲ್ಲಿ ಬಿಳಿ ಎಳೆಯೊಂದು ಜೋತಾಡುತ್ತಿತ್ತು.

“ಕಾಕಾ, ದಾರ ಏನ್ರೀ ಇದು?”

ದಾರ ಅಲ್ಲ, ಟೆಫ್ಲಾನ್ ಟೇಪು. ತಿಂಗಳ ಹಿಂದೆ ಯಾರೋ ಫಿಟಿಂಗ್ ಬದಲಿಸುವಾಗ ನಲ್ಲಿಗೆ ಸುತ್ತುವ ಹಾಗೆ ಸುತ್ತಿದ್ದರು. ನನಗೆ ಆ ಟೇಪು ಕಂಡರೆ ಮೈ ಉರಿಯುತ್ತದೆ. ಹೈಡ್ರಾಲಿಕ್ಸಿನಲ್ಲಿ ಅದರ ಜಾಗದಲ್ಲಿ ಲೋಹದ ರಿಂಗಿಗೆ ರಬ್ಬರ್ ಅಂಟಿಸಿದ ಡೌಟಿ ಸೀಲ್ ಇದೆ, ಬೆಲೆಯೂ ಹೆಚ್ಚೇನಿಲ್ಲ. ಹುಡುಗ ಡ್ರಿಲ್ ಬಿಟ್ ತರಲು ಎದ್ದ, ತಡೆದೆ. ತೂತು ಒಂದಿಷ್ಟು ಅಗಲವಾದರೂ ವಾಲ್ವಿನ ಗುಣವೇ ಬದಲಾಗುತ್ತದೆ. ತೆಳು ತಾಮ್ರದ ತಂತಿ, ಡೀಸೆಲ್, ಗಾಳಿ, ಅಷ್ಟರಲ್ಲೇ ಮುಗಿಸಿದೆವು.

ಶುಕ್ರವಾರ ಬೆಳಿಗ್ಗೆ ಸೆಟ್ಟಿಂಗ್. ಹೊಸ ಹೋಸ್, ಹೊಸ ಗೇಜ್ ಹಾಕಿದ್ದೆವು. ಈ ಪ್ರೆಸ್ಸಿನಲ್ಲಿ ಪಂಪು, ಅದರ ಬಾಯಲ್ಲೇ ರಿಲೀಫ್ ವಾಲ್ವ್, ಆಮೇಲೆ ಒಂದು ಬಾಲ್ ವಾಲ್ವ್ ಇದೆ. ಈ ಕ್ರಮವನ್ನು ಪೈಪು ಹಿಡಿದು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡೆ. ಬಾಲ್ ವಾಲ್ವ್ ಏನಾದರೂ ರಿಲೀಫಿಗಿಂತ ಮೊದಲಿದ್ದು ಅದನ್ನು ಮುಚ್ಚಿದರೆ, ಎಣ್ಣೆಗೆ ದಾರಿಯೇ ಇಲ್ಲದೆ ಪಂಪು ಒಡೆಯುತ್ತದೆ.

ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಎಡಕ್ಕೆ, ಸ್ಪ್ರಿಂಗ್ ಪೂರ್ತಿ ಸಡಿಲವಾಗುವವರೆಗೆ ಹಿಂದೆ ತಂದೆ. ಮೋಟಾರ್ ಹಾಕಿ ಪ್ರೆಸ್ ಖಾಲಿ ಓಡಿಸಿ ಎಣ್ಣೆ 45 ಡಿಗ್ರಿ ಹತ್ತಿರ ಬಂದ ಮೇಲೆ ಬಾಲ್ ವಾಲ್ವ್ ನಿಧಾನ ಮುಚ್ಚಿದೆ. ಈಗ ಪಂಪಿನ ಅಷ್ಟೂ ಎಣ್ಣೆ, ನಿಮಿಷಕ್ಕೆ 20 ಲೀಟರ್, ರಿಲೀಫ್ ಮೂಲಕವೇ ಹೋಗಬೇಕು. ಸೆಟ್ ಮಾಡಬೇಕಾದ್ದೂ ಹೀಗೆಯೇ. ವಾಲ್ವ್ ತೊಟ್ಟಿಕ್ಕಲು ಶುರುವಾಗುವ ಒತ್ತಡವೇ ಬೇರೆ, ಪೂರ್ತಿ ಎಣ್ಣೆ ಹರಿಯುವಾಗಿನ ಒತ್ತಡವೇ ಬೇರೆ. ಸ್ಪ್ರಿಂಗ್ ನೇರವಾಗಿ ಒತ್ತುವ ಸಾದಾ ವಾಲ್ವಿನಲ್ಲಿ ಈ ಅಂತರ ದೊಡ್ಡದು, ಪೈಲಟ್ ವಾಲ್ವಿನಲ್ಲಿ ಚಿಕ್ಕದು.

ಕಾಲು ಸುತ್ತು ಬಲಕ್ಕೆ, ನಿಲ್ಲು, ಗೇಜ್ ನೋಡು. 40, 65, 90. ಮುಳ್ಳು ಪ್ರತಿ ಸಲ ಮಾತು ಕೇಳುತ್ತಿದೆ ಅಂದರೆ ತೂತು ಚೊಕ್ಕಟ. ನಡುನಡುವೆ ಬಾಲ್ ವಾಲ್ವ್ ತೆರೆದು ಉಸಿರು ಬಿಡಿಸಬೇಕು. 180 ಬಾರಿನಲ್ಲಿ 20 ಲೀಟರ್ ರಿಲೀಫ್ ಮೂಲಕ ಹರಿದರೆ 6 ಕಿಲೋವ್ಯಾಟ್ ಶಾಖ. ನೀರು ಕಾಯಿಸುವ ಆರು ರಾಡುಗಳನ್ನು ಟ್ಯಾಂಕಿನಲ್ಲಿ ಇಳಿಬಿಟ್ಟ ಹಾಗೆ. ನೂರು ಲೀಟರಿನ ಟ್ಯಾಂಕು ನಿಮಿಷಕ್ಕೆ ಎರಡು ಡಿಗ್ರಿ ಏರುತ್ತದೆ.

ಎಲ್ಲಿಗೆ ನಿಲ್ಲಿಸುವುದು? 160ಕ್ಕೆ ಹತ್ತಿರ ಇಟ್ಟರೆ ಪ್ರತಿ ಒತ್ತಿಗೂ ವಾಲ್ವ್ ಸೋರಿ ಎಣ್ಣೆ ಕಾಯುತ್ತದೆ. 180ರ ಮೇಲೆ ಪ್ಲೇಟು ಬಿಡುವುದಿಲ್ಲ. ಹಾಗಾಗಿ 180. ಹುಡುಗ 186ಕ್ಕೆ ದಾಟಿಸಿಬಿಟ್ಟ. ಅಲ್ಲಿಂದ ಸ್ವಲ್ಪ ಹಿಂದೆ ತಂದು 180 ಮಾಡಹೊರಟ. “ಹಾಂಗಲ್ಲೋ, 160ಕ್ಕ ಇಳಸು, ಮತ್ತ ಕೆಳಗಿಂದ ಏರಸು” ಅಂದೆ. ಸ್ಕ್ರೂವಿನ ಎಳೆ, ಸ್ಪ್ರಿಂಗಿನ ತಿಕ್ಕಾಟದಿಂದ ಮೇಲಿನಿಂದ ಇಳಿಸಿದ ಸೆಟ್ಟಿಂಗ್ ಆಮೇಲೆ ಜಾರುತ್ತದೆ. ಯಾವಾಗಲೂ ಏರುತ್ತಲೇ ಮುಟ್ಟಬೇಕು.

ಅಲನ್ ಕೀ ಅಲುಗದಂತೆ ಹಿಡಿದು ಪಾನಾದಿಂದ ಲಾಕ್ ನಟ್ ಬಿಗಿದೆ. ಮತ್ತೆ ನೋಡಿದರೆ 184. ನಟ್ ಬಿಗಿಯುವಾಗ ಸ್ಕ್ರೂ ಒಂದು ಕೂದಲಷ್ಟು ಜೊತೆಗೆ ತಿರುಗಿರುತ್ತದೆ. ಬಿಚ್ಚಿ, 176ಕ್ಕೆ ಇಟ್ಟು ಬಿಗಿದಾಗ ಸರಿಯಾಗಿ 180ಕ್ಕೆ ಕೂತಿತು. ಐದು ಸಲ ಬಾಲ್ ವಾಲ್ವ್ ಮುಚ್ಚಿ ತೆರೆದೆ, ಐದೂ ಸಲ ಅಲ್ಲಿಗೇ ಬಂತು. ನಂತರ ಬಾಲ್ ವಾಲ್ವ್ ತೆರೆದಿಟ್ಟು, ಕೆಲಸ ಇಟ್ಟು 160ಕ್ಕೆ ಒತ್ತಿಸಿ, ಉದ್ದ ಸ್ಕ್ರೂ ಡ್ರೈವರಿನ ತುದಿ ರಿಲೀಫ್ ವಾಲ್ವಿಗೆ, ಹಿಡಿ ನನ್ನ ಕಿವಿಗೆ. ಸುಯ್ ಎನ್ನುವ ಸದ್ದಿಲ್ಲ. ಹೊಸ ಹೋಸಿನ ಜೋಡಣೆಗಳ ಬಳಿ ರಟ್ಟಿನ ತುಂಡು ಆಡಿಸಿ ಸೋರಿಕೆ ನೋಡಿದೆವು. ಬೆರಳು ಆಡಿಸಿ ನೋಡುವ ಚಟ ಕೆಲವರಿಗಿದೆ. ಈ ಒತ್ತಡದಲ್ಲಿ ಕೂದಲೆಳೆಯ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ, ಹೋದರೆ ತಡಮಾಡದೆ ಆಪರೇಷನ್ನೇ ಗತಿ.

ನಟ್ಟಿನಿಂದ ವಾಲ್ವ್ ಬಾಡಿಯವರೆಗೆ ಹಳದಿ ಪೇಂಟಿನ ಒಂದು ಗೆರೆ ಎಳೆದೆ. ಯಾರಾದರೂ ಮುಟ್ಟಿದರೆ ಗೆರೆ ಮುರಿಯುತ್ತದೆ.

ಶನಿವಾರ ಬೆಳಿಗ್ಗೆ ಸೂಪರ್‌ವೈಸರ್ ಫೋನ್ ಮಾಡಿ ರಿಲೀಫ್ ತೆರೆಯುವಾಗ ಗೇಜ್ 183 ತೋರಿಸುತ್ತಿದೆ ಅಂದರು. ಗೆರೆ ಮುರಿದಿದೆಯೇ ಕೇಳಿದೆ. ಇಲ್ಲ ಅಂದರು. ಚಳಿಗೆ 68 ನಂಬರ್ ಎಣ್ಣೆ ದಪ್ಪಗಿದೆ, ಒತ್ತಿ ಹಿಡಿಯದೆ ಖಾಲಿ ಓಡಿಸಿ ಬಿಸಿಯಾಗಲು ಬಿಡಿ ಅಂದೆ. ಹನ್ನೊಂದಕ್ಕೆ ಅವರದೇ ಮೆಸೇಜ್ ಬಂತು: 180.