ಕತ್ತರಿ ಹಿಡಿಯುವ ಮುಂಚೆ ಕೈ ಎತ್ತಿ ನಿಲ್ಲಿ

ಮೊನ್ನೆ ಮೊಮ್ಮಗಳು ಹೊಸ ಟೀ ಶರ್ಟನ್ನು ಮಂಚದ ಮೇಲೆ ಹಾಸಿ, ಸ್ಕೇಲ್ ಇಟ್ಟು, ಹೊಕ್ಕುಳ ಅಂದಾಜಿಗೆ ಕಚಕ್ ಅಂತ ಕತ್ತರಿಸಿಬಿಟ್ಟಳು. ‘ಕ್ರಾಪ್ ಟಾಪ್ ಅಜ್ಜಿ’ ಅಂದಳು. ಹಾಕಿಕೊಂಡು ಬಂದರೆ ಎದೆಯ ಕೆಳಗೆ ನಾಲ್ಕು ಬೆರಳು ಬಟ್ಟೆ ಉಳಿದಿತ್ತು. ಅಂಚು ಚಾಪೆ ಸುತ್ತಿದ ಹಾಗೆ ಹೊರಗಡೆಗೆ ಸುತ್ತಿಕೊಂಡಿತ್ತು. ಇವರೆಲ್ಲ ಫೋನಿನಲ್ಲಿ ನೋಡಿ ಕಲಿಯೋದು ಇಷ್ಟೇ ಅಲ್ವಾ, ಕತ್ತರಿಸೋದು.

ಬನಿಯನ್ ಬಟ್ಟೆಯ ಗುಣವೇ ಅದು. ಅಡ್ಡ ಕತ್ತರಿಸಿದರೆ ಅಂಚು ಸುರುಳಿ ಸುತ್ತುತ್ತದೆ, ಒಂದು ಬೆರಳು ಉದ್ದ ಅಲ್ಲೇ ಹೋಯಿತು. ಹೊಸ ಬಟ್ಟೆ ಒಗೆದ ಮೇಲೆ ಇನ್ನೊಂದಿಷ್ಟು ಕುಗ್ಗುತ್ತದೆ. ಎದೆಯ ಮೇಲೆ ಏರಿ ಇಳಿಯುವುದಕ್ಕೂ ಬಟ್ಟೆ ಬೇಕು, ಅದಕ್ಕೇ ಮುಂದೆ ಯಾವಾಗಲೂ ಗಿಡ್ಡ ಆಗೋದು. ಹಾಸಿಟ್ಟ ಬಟ್ಟೆಯಲ್ಲಿ ಇದ್ಯಾವುದೂ ಕಾಣಲ್ಲ.

ಅದಕ್ಕೆ ಎರಡು ಸಲ ಒಗೆದು ಒಣಗಿಸಿ, ಹಾಕಿಕೊಂಡು, ಅಟ್ಟದಿಂದ ಡಬ್ಬಿ ಇಳಿಸುವವರ ಹಾಗೆ ಎರಡೂ ಕೈ ಎತ್ತಿ ನಿಲ್ಲಿ. ಆಗ ಎಲ್ಲಿವರೆಗೆ ಮುಚ್ಚಬೇಕೋ ಅಲ್ಲಿ ಇನ್ನೊಬ್ಬರು ಪಿನ್ನು ಚುಚ್ಚಲಿ. ಅಲ್ಲಿಂದ ಕೆಳಗೆ ಮಡಿಕೆಗೆ ಎರಡು ಬೆರಳು ಬಿಟ್ಟು ಕತ್ತರಿಸಿ. ಮುಂಭಾಗದ ಮಧ್ಯದಲ್ಲಿ ಮಾತ್ರ ಅರ್ಧ ಬೆರಳು ಜಾಸ್ತಿ, ಪಕ್ಕದ ಹೊಲಿಗೆಗೆ ಬರುವಷ್ಟರಲ್ಲಿ ಸಮ ಮಾಡಿಕೊಳ್ಳಿ.

ಇನ್ನು ಮಡಚಿ ಹೊಲಿಯೋದು. ನನ್ನದು ಕಾಲಲ್ಲಿ ತುಳಿಯುವ ಹಳೇ ಮಷೀನು, ನೇರ ಹೊಲಿಗೆ ಬಿಟ್ಟು ಬೇರೇನೂ ಬರಲ್ಲ. ನೇರ ಹೊಲಿಗೆ ಈ ಬಟ್ಟೆಗೆ ಆಗಲ್ಲ. ತಲೆಯ ಮೇಲಿಂದ ಎಳೆದುಕೊಳ್ಳುವಾಗ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗಲ್ಲ, ಚಟ್ ಅಂತ ಕಿತ್ತುಹೋಗುತ್ತದೆ. ನಾನು ಕೈಯಲ್ಲೇ ಹೆರಿಂಗ್‌ಬೋನ್ ಅನ್ನೋ ಹೊಲಿಗೆ ಹಾಕೋದು. ಸ್ಕೂಲಿನಲ್ಲಿ ನಮ್ಮ ಹೊಲಿಗೆ ಟೀಚರು ಕಲಿಸಿದ್ದು. ನಾವು ಹೊಲಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡೋರು. ದಾರ ಕಿತ್ತರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿ.

ಮಡಿಕೆ ಒಂದೇ ಸಾಕು, ಈ ಬಟ್ಟೆ ಸೀರೆಯ ಹಾಗೆ ಎಳೆ ಬಿಡಲ್ಲ. ಎರಡು ಸಲ ಮಡಚಿದರೆ ಹಗ್ಗದ ಹಾಗೆ ದಪ್ಪ ಕೂರುತ್ತದೆ. ಇಸ್ತ್ರಿಯನ್ನು ಇಟ್ಟು ಎತ್ತಿ, ಇಟ್ಟು ಎತ್ತಿ ಒತ್ತಬೇಕು. ಸವರಿದರೆ ಅಂಚು ಅಲೆ ಅಲೆಯಾಗಿ ಹಿಗ್ಗಿ ಕೂರುತ್ತದೆ. ಪಾಲಿಸ್ಟರ್ ದಾರ, ಒಂಟಿ ಎಳೆ, ಸಣ್ಣ ಸೂಜಿ. ಒಳಮೈ ಮೇಲೆ ಮಾಡಿಕೊಂಡು ಎಡದಿಂದ ಬಲಕ್ಕೆ ಸಾಗಬೇಕು, ಆದರೆ ಸೂಜಿಯ ಮೊನೆ ಎಡಕ್ಕೇ ಇರಬೇಕು. ಮಡಿಕೆಯ ಅಂಚಿನ ಮೇಲುಗಡೆ, ಟಾಪಿನ ಮೈಯಲ್ಲಿ, ಒಂದೇ ಎಳೆ ಕಚ್ಚಿಸಿ. ಜಾಸ್ತಿ ಕಚ್ಚಿದರೆ ಹೊರಗೆ ಚುಕ್ಕಿ ಕಾಣುತ್ತದೆ. ಅರ್ಧ ಬೆರಳು ಬಲಕ್ಕೆ ಸರಿದು ಕೆಳಗೆ ಮಡಿಕೆಯಲ್ಲಿ ಸ್ವಲ್ಪ ಧಾರಾಳವಾಗಿ ಕಚ್ಚಿಸಿ. ಮತ್ತೆ ಮೇಲೆ, ಮತ್ತೆ ಕೆಳಗೆ. ದಾರ ಒಂದನ್ನೊಂದು ದಾಟಿ ಸಾಲಾಗಿ ಸಣ್ಣ ಕತ್ತರಿ ಗುರುತು ಬೀಳುತ್ತದೆ. ಬಟ್ಟೆ ಹಿಗ್ಗಿದಾಗ ಆ ಕತ್ತರಿ ಬಾಯಿ ಬಿಡುತ್ತದೆ, ಬಿಟ್ಟಾಗ ಮುಚ್ಚುತ್ತದೆ. ನಾಲ್ಕು ಹೊಲಿಗೆಗೊಮ್ಮೆ ಅಂಚನ್ನು ಮೆಲ್ಲಗೆ ಜಗ್ಗಿ, ದಾರಕ್ಕೆ ಸಡಿಲ ಕೊಟ್ಟು ಮುಂದೆ ಹೋಗಿ. ಬಿಗಿ ಎಳೆದರೆ ನೆರಿಗೆ ಹಿಡಿಯುತ್ತದೆ. ಒಂದು ಟಾಪಿಗೆ ಒಂದು ಗಂಟೆ ಬೇಕು, ಬೇಜಾರಾದರೆ ಟೈಲರಿಗೆ ಕೊಡಿ, ಸುಮ್ನೆ ಹಾಳು ಮಾಡಬೇಡಿ.

ಹಾಗೇ ಇನ್ನೊಂದು ಮಾತು. ಕಾಟನ್ ಸೀರೆಗೆ ಮಾಡಿದ ಗಂಜಿ ಉಳಿಯಿತು ಅಂತ ನಮ್ಮ ಸೊಸೆ ಟೀ ಶರ್ಟುಗಳನ್ನೂ ಅದರಲ್ಲೇ ಅದ್ದಿದ್ದಳು. ಅಷ್ಟೂ ಹಲಗೆಯ ಹಾಗೆ ನಿಂತವು. ಉಳಿದ ಗಂಜಿ ಗಿಡದ ಬುಡಕ್ಕೆ ಹಾಕಿ ತಾಯಿ.

ಭುಜದ ಪಟ್ಟಿ ಜಾರಿದರೂ ಎಲ್ಲದಕ್ಕೂ ಒಂದೇ ಮದ್ದಲ್ಲ. ಕ್ಯಾಮಿಸೋಲ್ ಅಂದರೆ ನಮ್ಮ ಕಾಲದ ಸ್ಲಿಪ್ಪೇ, ಪಟ್ಟಿ ಬೇರೆ ಕೂಡಿಸಿರುತ್ತಾರೆ. ಪಟ್ಟಿಯನ್ನು ಉದ್ದ ಗಿಡ್ಡ ಮಾಡುವ ಸಣ್ಣ ಬಳೆ ಸರಿಸಿಯೂ ಸಡಿಲವಾದರೆ ಬೆನ್ನಿನ ಕಡೆಯ ತುದಿ ಬಿಚ್ಚಿ, ಒಳಗೆ ಎಳೆದು ಹೊಲಿಯಿರಿ. ಮುಂದಿನ ತುದಿ ಮುಟ್ಟಬೇಡಿ, ಎಲ್ಲರ ಕಣ್ಣು ಬೀಳೋದು ಅಲ್ಲೇ. ಟ್ಯಾಂಕ್ ಟಾಪಿನ ಅಗಲ ಪಟ್ಟಿ ಮೈಬಟ್ಟೆಯದೇ ಭಾಗ. ಅದನ್ನು ಭುಜದ ಹೊಲಿಗೆಯಲ್ಲಿ ಹಿಡಿದರೆ ಕಂಕುಳೂ ಬಿಗಿಯಾಗುತ್ತದೆ, ಒಂದು ಬೆರಳಿಗಿಂತ ಜಾಸ್ತಿ ಹಿಡಿಯಬೇಡಿ. ಬಾಡಿಸೂಟಿಗೆ ಕೆಳಅಂಚೇ ಇಲ್ಲ, ಕಾಲ ಸಂದಿಯಲ್ಲಿ ಟಿಚ್ ಬಟನ್ ಅಷ್ಟೇ. ಅದು ಗಿಡ್ಡ ಆಯಿತೆಂದರೆ ಭುಜ ಕೆಂಪಗಾಗುವಷ್ಟು ಎಳೆಯುತ್ತದೆ. ಪಟ್ಟಿ ಸಡಿಲಿಸಿಯೂ ಎಳೆದರೆ ಅಂಗಡಿಗೆ ವಾಪಸ್ ಕೊಡಿ.

ಮೊಮ್ಮಗಳ ಟೀ ಶರ್ಟಿಗೆ ಕತ್ತರಿಸಿ ಬಿಸಾಕಿದ ತುಂಡೇ ಆಯಿತು. ಅದರ ಕೆಳಗೆ ಕಂಪನಿ ಹೊಲಿಗೆ ಹಾಗೇ ಇತ್ತಲ್ಲ, ಅದನ್ನು ಸೇರಿಸಿ ಐದು ಬೆರಳಗಲ ತೆಗೆದು ಟಾಪಿಗೆ ಕೂಡಿಸಿಕೊಟ್ಟೆ. ಸೊಂಟಕ್ಕೆ ಮೇಲೆ ಅಡ್ಡ ಗೆರೆಯೊಂದು ಕಾಣುತ್ತದೆ. ಅದು ಡಿಸೈನು ಅಂತ ಗೆಳತಿಯರಿಗೆ ಹೇಳಿದ್ದಾಳಂತೆ.