ಅಮ್ಮನ ಅಡುಗೆಮನೆಯ ಪಟ್ಟಿ

ರಾಜಾಜಿನಗರದ ಮನೆಯಲ್ಲಿ ಅಮ್ಮ 41 ವರ್ಷ ಸಂಸಾರ ಮಾಡಿದ್ದಳು. ಮಂಡಿ ನೋವು ಜಾಸ್ತಿಯಾಗಿ ಮಹಡಿ ಹತ್ತೋದು ನಿಂತ ಮೇಲೆ, ಜೆ.ಪಿ. ನಗರದಲ್ಲಿ ನಮ್ಮ ಮನೆ ಹತ್ತಿರವೇ ಒಂದು ಸಣ್ಣ ಫ್ಲ್ಯಾಟ್ ಹಿಡಿದೆವು. ಹಳೇ ಮನೆ ಬಾಡಿಗೆಗೆ ಕೊಡೋದು ಅಂತಾಯಿತು.

ಇನ್ನೂರು ಪುಟದ ನೋಟ್‌ಬುಕ್ ತಂದು, ಕೋಣೆಗೆ ಇಷ್ಟು ಪುಟ ಅಂತ ಮಾಡಿ, ಮೂರು ಕಾಲಂ ಎಳೆದೆ. ಇಟ್ಟುಕೊಳ್ಳೋದು, ಕೊಡೋದು, ಮಾರೋದು. ಖಾತಾ, ಕಂದಾಯದ ರಸೀದಿ, ಪೆನ್ಷನ್ ಕಾಗದ ಇವನ್ನೆಲ್ಲ ಪಟ್ಟಿಗೇ ಸೇರಿಸದೆ ಮೊದಲೇ ಒಂದು ಟ್ರಂಕಿಗೆ ಹಾಕಿ ನನ್ನ ಮನೆಗೆ ತಂದುಬಿಟ್ಟೆ. ಹಾಲ್, ಮಲಗೋ ಕೋಣೆ ಎರಡು ದಿನಕ್ಕೆ ಮುಗಿದವು. ಅಡುಗೆಮನೆ ಮತ್ತು ಅದರ ಮೇಲಿನ ಅಟ್ಟಕ್ಕೆ ಒಂಬತ್ತು ದಿನ ಹಿಡಿಯಿತು.

ಮೊದಲ ದಿನ ಸಂಜೆ ನೋಡಿದರೆ ‘ಇಟ್ಟುಕೊಳ್ಳೋದು’ ಕಾಲಂನಲ್ಲೇ 112 ಸಾಮಾನು. ಏನು ಕೇಳಿದರೂ “ಅದು ಬೇಕಾಗುತ್ತೆ ಕಣೇ” ಅನ್ನೋಳು. ವಾದ ಮಾಡಿ ಪ್ರಯೋಜನ ಇಲ್ಲ ಅಂತ ಟೇಪು ತಗೊಂಡು ಹೊಸ ಮನೆಗೆ ಹೋದೆ. ಅಲ್ಲಿನ ಅಡುಗೆಮನೆಯ ಶೆಲ್ಫುಗಳನ್ನೆಲ್ಲ ಅಳೆದರೆ ಒಟ್ಟು 18 ಅಡಿ ಉದ್ದ, ಒಂದಡಿ ಅಗಲ. ವಾಪಸ್ ಬಂದು ಹಾಲಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಷ್ಟೇ ಉದ್ದ, ಅಷ್ಟೇ ಅಗಲದ ಪಟ್ಟೆ ಎಳೆದೆ. “ಇದರೊಳಗೆ ಹಿಡಿಸೋದನ್ನ ನೀನೇ ಜೋಡಿಸಮ್ಮ” ಅಂದೆ. ಕುರ್ಚಿ ಹಾಕಿಕೊಂಡು ಕೂತು ಅದನ್ನ ತಾ, ಇದನ್ನ ತೆಗಿ ಅಂತ ಎರಡು ದಿನ ಜೋಡಿಸಿದಳು. ಆರು ಲೀಟರ್ ಕುಕ್ಕರನ್ನು ತಾನೇ ಆಚೆ ಸರಿಸಿದಳು. ಈಳಿಗೆ ಮಣೆ, ಚಕ್ಕುಲಿ ಒರಳು, ಎರಡು ಕಾಫಿ ಫಿಲ್ಟರ್ ಒಳಗೆ ಉಳಿದವು. ಎರಡು ಯಾಕೆ ಅಂತ ನಾನು ಕೇಳಲಿಲ್ಲ. ಪಟ್ಟೆಯೊಳಗೆ ಹಿಡಿಸಿತ್ತಲ್ಲ, ಅಷ್ಟು ಸಾಕು.

‘ಕೊಡೋದು’ ಕಾಲಂನಲ್ಲಿ ನಾನು ಮಾಡಿದ ತಪ್ಪು, ಕೇಳದೇ ಹೆಸರು ಬರೆದಿದ್ದು. ತಮ್ಮನ ಹೆಂಡತಿಗೆ ಅಂತ 38 ಸಾಮಾನು ಬರೆದಿದ್ದೆ. ಅವಳು ಬಂದು ಆರು ತಗೊಂಡಳು. “ಅಕ್ಕಾ, ನಮ್ಮನೇಲೂ ಜಾಗ ಇಲ್ಲ” ಅಂದಳು, ಅದೂ ನಿಜವೇ. ಆಮೇಲಿಂದ ಫೋನ್ ಮಾಡಿ ಒಪ್ಪಿಸಿ, ಯಾವತ್ತು ಬಂದು ಒಯ್ತಾರೆ ಅನ್ನೋ ತಾರೀಖು ಸಿಕ್ಕರೆ ಮಾತ್ರ ಹೆಸರು ಬರೆಯೋದು ಅಂತ ಮಾಡಿಕೊಂಡೆ. ಆ ದಿನ ದಾಟಿ ಒಂದು ವಾರ ಆದರೂ ಬರದಿದ್ದರೆ ಅದು ಮಾರೋ ಕಾಲಂಗೆ.

ಸ್ಟೀಲ್ ಪಾತ್ರೆಗಳದ್ದು ಬೇರೆ ಕಥೆ. ನಮ್ಮ ಕಡೆ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತಾರಲ್ವಾ. ಮೊದಲು ನಾನು ಸುಮ್ನೆ ‘ದೊಡ್ಡ ಡಬರಿ’ ಅಂತ ಬರೆದಿದ್ದೆ. ಮನೆಯಲ್ಲಿ ಅಂಥವು ಮೂರಿದ್ದವು. ಚಿಕ್ಕಮ್ಮನಿಗೆ ಅಂತ ಇಟ್ಟಿದ್ದದ್ದು ಗುಜರಿಗೆ ಹೋಯಿತು. ಚಿಕ್ಕಮ್ಮ ಏನೂ ಅನ್ನಲಿಲ್ಲ, ಅಮ್ಮ ಮಾತ್ರ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಲ್ಲಿಂದ ಪಾತ್ರೆ ತಿರುಗಿಸಿ, ಅದರ ಮೇಲಿರೋ ಅಕ್ಷರವನ್ನೇ ಪಟ್ಟಿಗೆ ಇಳಿಸಿದೆ. ಕೊಟ್ಟವರ ಮನೆಯ ಮಕ್ಕಳು ಯಾರಾದರೂ ಇದ್ದರೆ ಮೊದಲು ಅವರಿಗೇ ಫೋನ್ ಮಾಡಿದೆವು. ತಮ್ಮ ಅಜ್ಜಿ ಹೆಸರಿದ್ದ ಚೊಂಬನ್ನು ಬೇಡ ಅಂದವರು ಯಾರೂ ಇಲ್ಲ.

ಮಾರೋದರಲ್ಲಿ ಸಿಕ್ಕಿದ್ದು ಜಾಸ್ತಿ ಹಿತ್ತಾಳೆಗೆ. ಅಟ್ಟದಿಂದ ಇಳಿಸಿದ್ದು ಒಂದು ಹಂಡೆ, ಎರಡು ಕೊಳಗ, ಐದು ತಟ್ಟೆ. ಅಂಗಡಿಗೆ ಹೋಗೋ ಮುಂಚೆ ಮನೆಯಲ್ಲೇ ತೂಕ ಹಾಕಿದೆ. ಹಂಡೆ ಹಿಡಿದು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ಬರೀ ನಾನು ನಿಂತೆ, ಕಳೆದೆ. 11 ಕೆಜಿ ಬಂತು. ಮೊದಲ ಅಂಗಡಿಯವರು ಎಂಟೂವರೆ ಅಂದರು. ಕಬ್ಬಿಣದ ಬಳೆ ಇದ್ದರೆ ಅದರ ತೂಕ ಕಳೆಯೋದು ನ್ಯಾಯ, ಆದರೆ ನಮ್ಮ ಹಂಡೆಯ ಬಳೆಯೂ ಹಿತ್ತಾಳೆಯದೇ. ಆಯಸ್ಕಾಂತ ಇಟ್ಟು ತೋರಿಸಿದೆ, ಅಂಟಲಿಲ್ಲ. ಅವರು ಒಪ್ಪಲಿಲ್ಲ, ಎತ್ತಿಕೊಂಡು ಬಂದೆ. ಎರಡನೇ ಅಂಗಡಿಯಲ್ಲಿ 10 ಕೆಜಿ 800 ಗ್ರಾಂ ತೂಗಿತು. ಹಳೇ ಹಿತ್ತಾಳೆಗೆ ಕೊಡೋದು ಲೋಹದ ಬೆಲೆ ಮಾತ್ರ, ಹೊಸ ಪಾತ್ರೆಯ ರೇಟು ಮನಸ್ಸಲ್ಲಿಟ್ಟುಕೊಂಡು ಹೋದರೆ ಬೇಜಾರಾಗುತ್ತೆ.

ಪಟ್ಟದ ಗೊಂಬೆಗಳ ಬಗ್ಗೆ ಚರ್ಚೆಯೇ ಆಗಲಿಲ್ಲ. ಅವು ಅಮ್ಮನ ತವರಿನಿಂದ ಮದುವೆಯಲ್ಲಿ ಬಂದದ್ದು, ಮೊದಲ ಸಾಲಲ್ಲೇ ಅವಳೇ ಬರೆದಿದ್ದಳು.

ಕೊನೆಗೆ ಪಟ್ಟಿಯಲ್ಲಿ ಒಂದೇ ಸಾಲು ಖಾಲಿ ಉಳಿಯಿತು, ಹಿತ್ತಲಿನ ಒರಳುಕಲ್ಲು. ನೆಲಕ್ಕೆ ಹೂತಿದ್ದದ್ದು. ಫ್ಲ್ಯಾಟಿಗೆ ಆಗೋಲ್ಲ, ನೆಂಟರಿಗೆ ಬೇಡ, ಗುಜರಿಯವನು ನೋಡಿ ನಕ್ಕ. ಬಾಡಿಗೆಗೆ ಬಂದ ಹುಡುಗಿ “ಇರಲಿ ಬಿಡಿ ಆಂಟಿ, ಕೂತ್ಕೋಳಕ್ಕೆ ಚೆನ್ನಾಗಿದೆ” ಅಂದಳು. ಅಮ್ಮ ಪೆನ್ನು ಇಸಕೊಂಡು ಮೂರೂ ಕಾಲಂಗೆ ಅಡ್ಡಲಾಗಿ ‘ಅಲ್ಲೇ ಇದೆ’ ಅಂತ ಬರೆದಳು.