ಬೆಂಗಳೂರು ಮಲಗಿದ ಮೇಲೆ ಸಿಯಾಟಲ್ ಓದುವ ಟಿಪ್ಪಣಿ

ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ನಾಲ್ಕು ವರ್ಷ ನಮ್ಮ ಮನೆಯ ರಾತ್ರಿ ಊಟದ ಹೊತ್ತನ್ನು ನಿರ್ಧರಿಸಿದ್ದು ಅಮೆರಿಕದ ಗಡಿಯಾರ. ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಒಂಬತ್ತು ಜನ: ಬೆಂಗಳೂರಿನಲ್ಲಿ ನಾಲ್ವರು, ಪೋಲೆಂಡಿನ ಕ್ರಾಕೋವ್‌ನಲ್ಲಿ ಇಬ್ಬರು, ಸಿಯಾಟಲ್‌ನಲ್ಲಿ ಮೂವರು. ಸಿಯಾಟಲ್‌ನ ಬೆಳಿಗ್ಗೆ ಎಂಟಕ್ಕೆ ಸ್ಟ್ಯಾಂಡಪ್, ಅಂದರೆ ಯಾರ ಕೆಲಸ ಎಲ್ಲಿದೆ ಎಂದು ದಿನವೂ ಹೇಳಿಕೊಳ್ಳುವ ಚಿಕ್ಕ ಸಭೆ, ಎಂದು ಯಾರೋ ಒಮ್ಮೆ ಕ್ಯಾಲೆಂಡರಿನಲ್ಲಿ ಹಾಕಿದ್ದರು, ಅದು ಹಾಗೇ ಉಳಿಯಿತು. ಅವರ ಗಡಿಯಾರ ನವೆಂಬರಿನಲ್ಲಿ ಒಂದು ಗಂಟೆ ಹಿಂದಕ್ಕೆ ಹೋದಾಗಲೆಲ್ಲ ನಮ್ಮ ಕರೆ ಒಂದು ಗಂಟೆ ತಡವಾಗುತ್ತಿತ್ತು. ಯುರೋಪಿನವರು ಗಡಿಯಾರ ತಿರುಗಿಸುವುದು ಬೇರೆ ಭಾನುವಾರ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ ಕ್ರಾಕೋವ್‌ನವರಿಗೆ ಸಂಜೆ ಐದರ ಕರೆ ನಾಲ್ಕಕ್ಕೆ ಬರುತ್ತಿತ್ತು, ಅವರು ಪ್ರತಿ ವರ್ಷ ಒಮ್ಮೆ ತಪ್ಪಿಸಿಕೊಳ್ಳುತ್ತಿದ್ದರು.

ಹದಿನೈದು ನಿಮಿಷದ ಸಭೆ ನಮ್ಮಲ್ಲಿ ನಲವತ್ತಕ್ಕೆ ಹೋಗುತ್ತಿತ್ತು. ಸಿಯಾಟಲ್‌ನವರು ಇನ್ನೂ ಕಾಫಿ ಕುಡಿದಿರಲಿಲ್ಲ, ಕ್ರಾಕೋವ್‌ನವರು ಮನೆಗೆ ಹೊರಡುವ ಅವಸರದಲ್ಲಿರುತ್ತಿದ್ದರು, ನಾವು ಒಳಗಿಂದ ತಟ್ಟೆ ಇಡುವ ಸದ್ದು ಕೇಳುತ್ತ ಮೈಕ್ ಮುಚ್ಚಿಕೊಂಡಿರುತ್ತಿದ್ದೆವು. ಕೊನೆಗೆ ಕರೆ ನಿಲ್ಲಿಸಿ ಬರೆಯೋಣ ಎಂದು ಹೇಳಿದವನು ನಾನೇ. ಅದರ ಮೊದಲ ಸೋಲೂ ನನ್ನದೇ.

ಮೊದಲು ಮಾಡಿದ್ದು ತೀರ ಸುಲಭದ ಕೆಲಸ. ನೆನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿ ಏನಾದರೂ ಇದೆಯೇ ಎಂಬ ಮೂರು ಹಳೆಯ ಪ್ರಶ್ನೆಗಳನ್ನು ತಂಡದ ಸಂದೇಶಗಳ ಆಪ್ ಆದ ಸ್ಲ್ಯಾಕ್‌ನ ಒಂದು ಚಾನೆಲ್‌ಗೆ ಸಾಗಿಸಿದೆ. ಎಲ್ಲರೂ ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ಬರೆಯಬೇಕು ಎಂದಾಯಿತು. ಇಂಥ ಸಭೆಗಳನ್ನು ವಿವರಿಸುವ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯೇ ಆ ಮೂರು ಪ್ರಶ್ನೆಗಳನ್ನು ಕೈಬಿಟ್ಟಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಎರಡನೆಯ ವಾರದಲ್ಲೇ ಈ ಏರ್ಪಾಡು ಏಕೆ ಕೆಟ್ಟಿತು ಎಂಬುದನ್ನು ನನ್ನದೇ ಒಂದು ಟಿಪ್ಪಣಿ ತೋರಿಸುತ್ತದೆ.

ನಾನು ಆಗ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ `orders` ಎಂಬ ಟೇಬಲ್‌ಗೆ ಹುಡುಕಾಟ ಬೇಗ ಆಗಲೆಂದು ಒಂದು ಇಂಡೆಕ್ಸ್ ಸೇರಿಸುತ್ತಿದ್ದೆ. ಟೇಬಲ್‌ಗೆ ಹೊಸ ಮಾಹಿತಿ ಸೇರುವುದು ನಿಲ್ಲದಂತೆ ಇಂಡೆಕ್ಸ್ ಕಟ್ಟಲು `CREATE INDEX CONCURRENTLY` ಎಂಬ ಆದೇಶವಿದೆ. ಅದಕ್ಕೊಂದು ದುರ್ಗುಣವೂ ಇದೆ. ನಡುವೆ ಕೈಕೊಟ್ಟರೆ ಅರೆಬರೆ ಇಂಡೆಕ್ಸ್ ಒಂದನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ, ಅದನ್ನು ಅಳಿಸಿ ಮತ್ತೆ ಕಟ್ಟಬೇಕು. ನನ್ನದು ಪರೀಕ್ಷಾ ಸರ್ವರ್‌ನಲ್ಲಿ 30 ಸೆಕೆಂಡಿನ ಕಾಲಮಿತಿ ಮೀರಿ ನಿಂತಿತು. ಕಟ್ಟಲೂ ಅಳಿಸಲೂ ಟೇಬಲ್‌ನ ಒಡೆತನವಿರುವ ಖಾತೆ ಬೇಕು. ಕಟ್ಟುವ ಆದೇಶವನ್ನು ಆ ಖಾತೆಯ ಹೆಸರಿನಲ್ಲಿ ನಮ್ಮ ಉಪಕರಣವೇ ಓಡಿಸುತ್ತಿತ್ತು, ಅಳಿಸುವುದನ್ನು ಕೈಯಾರೆ ಮಾಡಬೇಕಿತ್ತು. ಆ ಖಾತೆಯ ಕೀಲಿ ಇದ್ದದ್ದು ಸಿಯಾಟಲ್‌ನ ಸಹೋದ್ಯೋಗಿಯ ಕೈಯಲ್ಲಿ. ಮರುದಿನ ಬೆಳಿಗ್ಗೆಯ ತನಕ ಕಾಯದೆ ಮಂಗಳವಾರ ಸಂಜೆಯೇ ನಾನು ಬರೆದದ್ದು ಇಷ್ಟೇ: ‘ಇಂಡೆಕ್ಸ್ ಕೆಲಸ ನಿಂತಿದೆ, ಡೇಟಾಬೇಸ್ ನೋಡಿಕೊಳ್ಳುವವರ ಸಹಾಯ ಬೇಕು.’

ಅವರು ಅದನ್ನು ಓದಿದ್ದು ಅವರ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ ನಮ್ಮ ರಾತ್ರಿ ಒಂಬತ್ತೂವರೆಗೆ. ‘ಯಾವ ಸರ್ವರ್? ದೋಷದ ಸಂದೇಶ ಏನು?’ ಎಂದು ಕೇಳಿದರು. ನಾನು ನೋಡಿದ್ದು ಬುಧವಾರ ಬೆಳಿಗ್ಗೆ. ಉತ್ತರ ಬರೆಯುವಾಗ ಅವರಿಗೆ ರಾತ್ರಿ ಒಂಬತ್ತು. ಬುಧವಾರ ಅವರು ಅರೆಬರೆ ಇಂಡೆಕ್ಸನ್ನು ಅಳಿಸಿದರು. ಗುರುವಾರ ಬೆಳಿಗ್ಗೆ ನಾನು ಹುರುಪಿನಿಂದ ಮತ್ತೆ ಕಟ್ಟಲು ಹೋದರೆ ಅದೇ 30 ಸೆಕೆಂಡಿಗೆ ಅದೇ ಕಡೆ ಮುಗ್ಗರಿಸಿತು. ಕಾಲಮಿತಿಯ ವಿಷಯ ನನಗೆ ಮಂಗಳವಾರವೇ ಗೊತ್ತಿತ್ತು, ಬರೆದಿರಲಿಲ್ಲ. ಮತ್ತೆ ಸಂಜೆ ಟಿಪ್ಪಣಿ, ಮತ್ತೆ ರಾತ್ರಿ. ಎರಡು ನಿಮಿಷದ ಎರಡು ಆದೇಶಗಳು ಮುಗಿದದ್ದನ್ನು ನಾನು ಕಂಡದ್ದು ಶುಕ್ರವಾರ ಬೆಳಿಗ್ಗೆ.

ರಾತ್ರಿಯ ಕರೆ ಇದ್ದಿದ್ದರೆ ಇದು ಮಂಗಳವಾರವೇ ಮುಗಿಯುತ್ತಿತ್ತು. ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ಮಾತಿನಲ್ಲಿ ಅರ್ಧ ಹೇಳಿದರೂ ಎದುರಿನವರು ಮಿಕ್ಕರ್ಧವನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಹನ್ನೆರಡೂವರೆ ಗಂಟೆ ಅಂತರದಲ್ಲಿ ಬರೆಯುವಾಗ ಅವರು ಕೇಳುವ ಒಂದೊಂದು ಪ್ರಶ್ನೆಗೂ ಒಂದೊಂದು ದಿನದ ಬೆಲೆ. ಆ ವಾರಾಂತ್ಯ ಕೂತು ಅದೇ ಟಿಪ್ಪಣಿಯನ್ನು ನಾನು ಹೇಗೆ ಬರೆಯಬೇಕಿತ್ತು ಎಂದು ಬರೆದು ನೋಡಿದೆ. ನಮ್ಮ ಟಿಪ್ಪಣಿಗಳು ಇಂಗ್ಲಿಷಿನಲ್ಲಿರುತ್ತವೆ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಯುಟಿಸಿ ಎಂದರೆ ಎಲ್ಲ ಊರಿಗೂ ಒಂದೇ ಆದ ಜಾಗತಿಕ ಗಡಿಯಾರ:

‘ಪರೀಕ್ಷಾ ಸರ್ವರ್‌ನಲ್ಲಿ `orders` ಇಂಡೆಕ್ಸ್ ಕಟ್ಟುವ ಕೆಲಸ 30 ಸೆಕೆಂಡಿನ ಕಾಲಮಿತಿಯಿಂದ ನಿಂತಿದೆ. ಅರೆಬರೆ ಇಂಡೆಕ್ಸ್ ಉಳಿದಿದೆ, ದೋಷದ ಪೂರ್ತಿ ಸಂದೇಶ ಈ ಕೆಲಸದ ದಾಖಲೆಯಾದ ಟಿಕೆಟ್‌ನಲ್ಲಿದೆ. ಡೇಟಾಬೇಸ್ ನೋಡಿಕೊಳ್ಳುವವರಿಂದ ಬೇಕಾದದ್ದು: ಮಾಲೀಕ ಖಾತೆಯಿಂದ ಕೆಳಗಿನ ಮೂರು ಸಾಲು ಓಡಿಸುವುದು, ಬುಧವಾರ 03:00 ಯುಟಿಸಿಯ ಒಳಗೆ. ಒಪ್ಪಿಗೆಯಿಲ್ಲದಿದ್ದರೆ ಕಾರಣ ಬರೆಯಿರಿ. ಉತ್ತರ ಬಾರದಿದ್ದರೆ ನಾನು ಬುಧವಾರ ಇದನ್ನು ಬದಿಗಿಟ್ಟು ವರದಿ ಪುಟದ ಕೆಲಸ ಹಿಡಿಯುತ್ತೇನೆ.’

```sql
DROP INDEX CONCURRENTLY orders_created_at_idx;
SET statement_timeout = 0;
CREATE INDEX CONCURRENTLY orders_created_at_idx ON orders (created_at);
```

ಬರೆಯುತ್ತಿದ್ದಾಗ ಇನ್ನೊಂದು ಹೊಂಡ ಕಣ್ಣಿಗೆ ಬಿತ್ತು. ಕಟ್ಟುವ ಆದೇಶದಲ್ಲಿ `IF NOT EXISTS` ಸೇರಿಸಿದ್ದರೆ, ಅದೇ ಹೆಸರಿನ ಅರೆಬರೆ ಇಂಡೆಕ್ಸ್ ಇದೆಯಲ್ಲ ಎಂದುಕೊಂಡು ಪೋಸ್ಟ್‌ಗ್ರೆಸ್ ದೋಷವೆನ್ನದೆ ಮುಂದೆ ಹೋಗುತ್ತದೆ. ಕೆಲಸ ಆಯಿತೆಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಇಂಥದ್ದು ಉಳಿದಿದೆಯೇ ಎಂದು ನೋಡಲು ಈ ಸಾಲು ಸಾಕು:

```sql
SELECT indexrelid::regclass FROM pg_index WHERE NOT indisvalid;
```

ಆ ಟಿಪ್ಪಣಿಯಿಂದ ನಮ್ಮ ಈಗಿನ ಪದ್ಧತಿ ಹುಟ್ಟಿತು. ಬರೆಯುವುದು ಬೆಳಿಗ್ಗೆಯಲ್ಲ, ಅವರವರ ದಿನ ಮುಗಿಸುವಾಗ. ಬೆಳಿಗ್ಗೆ ಬರೆಯುವುದು ಆಸೆ. ಸಂಜೆ ಬರೆಯುವುದು ಲೆಕ್ಕ. ಬೆಂಗಳೂರಿನ ಸಂಜೆ ಆರೂವರೆಯ ಟಿಪ್ಪಣಿ ಸಿಯಾಟಲ್ ಏಳುವ ಹೊತ್ತಿಗೆ ಸಿದ್ಧವಿರುತ್ತದೆ, ಅವರ ಸಂಜೆ ಐದರದ್ದು ನಮ್ಮ ಮುಂಜಾವಿಗೆ. ಏನಾಯಿತು, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು, ಉತ್ತರ ಬಾರದಿದ್ದರೆ ನಾನೇನು ಮಾಡುತ್ತೇನೆ: ಈ ನಾಲ್ಕರಲ್ಲಿ ಮೊದಲ ಎರಡನ್ನು ಯಾರಾದರೂ ಬಿಟ್ಟರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಟಿಕೆಟ್ ನೋಡಿದರೆ ತಿಳಿಯುತ್ತದೆ. ಮೂರನೆಯದರಲ್ಲಿ ಒಬ್ಬರ ಹೆಸರು ಇರಲೇಬೇಕು. ‘ಯಾರಾದರೂ ನೋಡಿ’ ಎಂದು ಬರೆದರೆ ಯಾರೂ ನೋಡುವುದಿಲ್ಲ. ಇಂದು, ನಾಳೆ, ಸಂಜೆಯೊಳಗೆ ಎಂಬ ಮಾತುಗಳನ್ನು ನಿಷೇಧಿಸಿದ್ದೇವೆ. ನನ್ನ ನಾಳೆ ಶುರುವಾಗುವಾಗ ಸಿಯಾಟಲ್‌ನವರ ಇಂದು ಇನ್ನೂ ಅರ್ಧವೂ ಕಳೆದಿರುವುದಿಲ್ಲ. ವಾರದ ಹೆಸರು, ಯುಟಿಸಿ ಗಂಟೆ, ಅಷ್ಟೇ.

ಓದುವವರಿಗೂ ಒಂದು ಕೆಲಸ ಕೊಟ್ಟೆವು. ದಿನದ ಮೊದಲ ಅರ್ಧ ಗಂಟೆಯಲ್ಲಿ ತಮ್ಮ ಹೆಸರಿರುವ ಸಾಲುಗಳಿಗೆ ಉತ್ತರ ಕೊಡಬೇಕು, ತಮ್ಮ ಸ್ವಂತ ಕೆಲಸ ಆಮೇಲೆ. ಎಲ್ಲರೂ ಎಲ್ಲವನ್ನೂ ಓದಿ ಹೆಬ್ಬೆರಳಿನ ಗುರುತು ಹಾಕಬೇಕೆಂದು ಮೊದಲು ಕೇಳಿದ್ದೆವು. ಅದರಿಂದ ಬಂದದ್ದು ಹೆಬ್ಬೆರಳುಗಳು ಮಾತ್ರ.

ನೆನಪಿಸಲು ಸ್ಲ್ಯಾಕ್‌ನ ಸೌಲಭ್ಯವೇ ಸಾಕಾಯಿತು. ಬೆಂಗಳೂರಿನವರಿಗೆ ನಾನು ಹಾಕಿದ್ದು ಹೀಗೆ:

```
/remind #updates-blr "ಇವತ್ತಿನ ಟಿಪ್ಪಣಿ" at 6pm every weekday
```

ದಿನವಿಡೀ ಏನು ಮಾಡಿದೆ ಎಂಬುದು ಸಂಜೆಗೆ ಮರೆತಿರುತ್ತದೆ ಎನ್ನುವವರಿಗೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಲೆಕ್ಕ ಸಹಾಯಕ್ಕೆ ಬರುತ್ತದೆ:

```
git log --all --oneline --since=yesterday --author="$(git config user.email)"
```

ಹುಡುಗನೊಬ್ಬ ಇದರ ಫಲಿತಾಂಶವನ್ನೇ ದಿನವೂ ಅಂಟಿಸತೊಡಗಿದ. ಅಂಗಡಿಯವನು ಲೆಕ್ಕದ ಪುಸ್ತಕವನ್ನೇ ಗಿರಾಕಿಯ ಮುಂದೆ ತಳ್ಳಿದ ಹಾಗೆ. ಹನ್ನೊಂದು ಸಾಲಿತ್ತು, ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಒಂದರಲ್ಲೂ ಇರಲಿಲ್ಲ. ವಿಚಾರಿಸಿದರೆ ಅವನು ಮೂರು ದಿನದಿಂದ ಒಂದೇ ಪರೀಕ್ಷೆಯನ್ನು ಪಾಸು ಮಾಡಿಸಲಾಗದೆ ಒದ್ದಾಡುತ್ತಿದ್ದ. ಎಲ್ಲರೂ ಓದುವ ಕಡೆ, ಅಳಿಸಲಾಗದ ಹಾಗೆ, ‘ನನಗೆ ಆಗುತ್ತಿಲ್ಲ’ ಎಂದು ಬರೆಯಲು ಮುಜುಗರ. ಕರೆಯಲ್ಲಿ ‘ಬಹುತೇಕ ಮುಗಿದಿದೆ’ ಎಂದು ಜಾರಿಕೊಳ್ಳುವುದು ನಮಗೆ ಕೈಬಂದ ಕಲೆ. ಬರೆದದ್ದು ಮಾತ್ರ ಮರುದಿನ ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೇ ನಾನು ನನ್ನ ಮೂರ್ಖತನದ ಟಿಪ್ಪಣಿಗಳನ್ನು ಮೊದಲು ಹಾಕತೊಡಗಿದೆ. ಇಂಡೆಕ್ಸಿನ ಪ್ರಸಂಗವನ್ನೂ ಹಾಕಿದೆ. ಹುಡುಗ ಸ್ವಲ್ಪ ಸಡಿಲವಾದ. ಈಗ ಒಬ್ಬರ ಟಿಪ್ಪಣಿಯಲ್ಲಿ ‘ಮುಂದುವರಿದಿದೆ’ ಎಂಬ ಪದ ಎರಡು ದಿನ ಸತತ ಬಂದರೆ ನಾನು ನೇರವಾಗಿ ಫೋನ್ ಮಾಡುತ್ತೇನೆ. ಬರೆಯುವ ಪದ್ಧತಿ ಬಂತೆಂದು ಫೋನನ್ನು ಹೂತು ಹಾಕಿಲ್ಲ. ಗುರುವಾರ ಒಂದು ಕರೆಯೂ ಉಳಿದಿದೆ, ಅದರ ಹೊತ್ತು ತಿಂಗಳಿಗೊಮ್ಮೆ ಬದಲಾಗುತ್ತದೆ, ನಿದ್ದೆಗೆಡುವ ಸರದಿ ಎಲ್ಲರಿಗೂ ಬರಲಿ ಎಂದು.

ಶುಕ್ರವಾರದ ಲೆಕ್ಕ ಮಾತ್ರ ಬೇರೆ. ಬೆಂಗಳೂರಿನಲ್ಲಿ ಶುಕ್ರವಾರ ಸಂಜೆ ಬರೆದ ಪ್ರಶ್ನೆಗೆ ಸಿಯಾಟಲ್‌ನ ಇಡೀ ಶುಕ್ರವಾರ ಬಾಕಿ ಇರುತ್ತದೆ, ಸೋಮವಾರ ಬೆಳಿಗ್ಗೆ ನಮ್ಮ ಮೇಜಿನ ಮೇಲೆ ಉತ್ತರ ಕಾದಿರುತ್ತದೆ. ಸಿನಿಮಾಕ್ಕೆ ಹೊರಡುವ ಆತುರದಲ್ಲಿ ಬರೆಯದೆ ಎದ್ದು ಸೋಮವಾರ ಬರೆದರೆ ಉತ್ತರ ಸಿಗುವುದು ಮಂಗಳವಾರ. ಐದು ನಿಮಿಷಕ್ಕೆ ಒಂದು ಪೂರ್ತಿ ದಿನ. ತಂಡಕ್ಕೆ ಹೊಸಬರು ಬಂದರೆ ನಾನು ಮೊದಲು ಹೇಳುವುದು ಇದನ್ನೇ.

‘ಉತ್ತರ ಬಾರದಿದ್ದರೆ’ ಎಂಬ ಸಾಲನ್ನು ನಾನು ಬಹಳ ಮೆಚ್ಚಿಕೊಂಡಿದ್ದೆ, ಒಂದು ನವೆಂಬರ್ 1ರ ತನಕ. ನಮಗೆ ರಾಜ್ಯೋತ್ಸವದ ರಜೆ. ಪೋಲೆಂಡಿನಲ್ಲೂ ಅದೇ ದಿನ ಸಕಲ ಸಂತರ ಹಬ್ಬದ ರಜೆ, ಜನ ಸಮಾಧಿಗಳಿಗೆ ದೀಪ ಹಚ್ಚಲು ಹೋಗುತ್ತಾರೆ. ಹಿಂದಿನ ಸಂಜೆ ಸಿಯಾಟಲ್‌ನ ಸಹೋದ್ಯೋಗಿ, ಹಳೆಯ ವರದಿಯ ಕೆಲಸವೊಂದನ್ನು ನಿಲ್ಲಿಸುತ್ತೇನೆ, ಆಕ್ಷೇಪಣೆ ಬಾರದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ನಿಲ್ಲಿಸಿ ಅದರ ಕಡತಗಳನ್ನು ಅಳಿಸುತ್ತೇನೆ ಎಂದು ಸರಿಯಾದ ನಮೂನೆಯಲ್ಲೇ ಬರೆದಿದ್ದರು. ಆಕ್ಷೇಪಿಸಬೇಕಾದ ಆರೂ ಜನ ರಜೆಯಲ್ಲಿದ್ದೆವು. ಎರಡನೆಯ ತಾರೀಖು ಬೆಳಿಗ್ಗೆ ಹಣಕಾಸು ವಿಭಾಗದವರು ವರದಿ ಎಲ್ಲಿ ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಕೆಲಸವನ್ನು ಮತ್ತೆ ಚಾಲೂ ಮಾಡಲು ಹತ್ತು ನಿಮಿಷ ಸಾಕಾಯಿತು. ಅಳಿಸಿದ ಕಡತಗಳನ್ನು ಬ್ಯಾಕಪ್‌ನಿಂದ ತರಲು ಮಧ್ಯಾಹ್ನವಾಯಿತು.

ಆ ಸಾಲು ಈಗ ಹಿಂದಕ್ಕೆ ತರಬಹುದಾದ ಕೆಲಸಕ್ಕೆ ಮಾತ್ರ. ಅಳಿಸುವುದು, ಗ್ರಾಹಕರಿಗೆ ಮೇಲ್ ಕಳಿಸುವುದು, ಹಣ ಚಲಿಸುವುದು ಇದ್ದರೆ ಹೆಸರಿಸಿದವರಿಂದ ‘ಸರಿ’ ಎಂಬ ಬರಹ ಬರುವ ತನಕ ಕಾಯಬೇಕು, ವಾರವಾದರೂ ಸರಿ. ಚಾನೆಲ್‌ನ ಮೇಲ್ತುದಿಯಲ್ಲಿ ಮೂರು ಊರುಗಳ ರಜಾಪಟ್ಟಿ ಅಂಟಿಸಿದ್ದೇವೆ. ಯುಗಾದಿ ಯಾವ ತಾರೀಖಿಗೆ ಬರುತ್ತದೆ ಎಂದು ಪ್ರತಿ ಜನವರಿಯಲ್ಲಿ ಕ್ರಾಕೋವ್‌ನವರೇ ನನ್ನನ್ನು ಕೇಳುತ್ತಾರೆ.